ಮೂರು ಕಾಲಂಗಳಲ್ಲಿ ಕಳೆದುಹೋಗುವ ಕ್ರಾಂತಿ

ಫ್ರಾನ್ಸಿನ ಮಹಾಕ್ರಾಂತಿಯ ಉಪನ್ಯಾಸ ಮುಗಿದ ಕೂಡಲೇ ವಿದ್ಯಾರ್ಥಿಗಳ ಮುಂದೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ದೀರ್ಘಕಾಲೀನ ಕಾರಣಗಳು, ಅಲ್ಪಕಾಲೀನ ಕಾರಣಗಳು, ತಕ್ಷಣದ ಕಾರಣ, ಇವನ್ನು ಬೇರ್ಪಡಿಸಿ ಬರೆಯಿರಿ. ಉತ್ತರಕ್ಕೂ ಒಂದು ಅಚ್ಚು ಇದೆ. ಮೊದಲ ಕಾಲಂನಲ್ಲಿ ಮೂರು ವರ್ಗಗಳ ಸಮಾಜ, ರೈತನ ಮೇಲಿನ ತೆರಿಗೆಯ ಹೊರೆ, ವೋಲ್ತೇರ್ ಮತ್ತು ರೂಸೋ. ಎರಡನೆಯದರಲ್ಲಿ ಅಮೆರಿಕದ ಯುದ್ಧಕ್ಕೆ ಮಾಡಿದ ಖರ್ಚು, 1788ರಲ್ಲಿ ಕೈಕೊಟ್ಟ ಬೆಳೆ, ಏರಿದ ಬ್ರೆಡ್ಡಿನ ಬೆಲೆ. ಮೂರನೆಯದರಲ್ಲಿ ಮಂತ್ರಿ ನೆಕರನ ವಜಾ ಮತ್ತು ಬಾಸ್ಟೀಲಿನ ಪತನ. ನಮ್ಮ ಶಾಲೆಗಳಲ್ಲಿ 1857ರ ದಂಗೆಯನ್ನು ಕಲಿತವರಿಗೆಲ್ಲ ಈ ಅಚ್ಚು ಪರಿಚಿತ. ಕೊನೆಗೆ ಕೊಬ್ಬು ಸವರಿದ ತೋಟೆ ಬಂದು ‘ತಕ್ಷಣದ ಕಾರಣ’ದ ಜಾಗದಲ್ಲಿ ಕೂರುತ್ತದೆ.

ಈ ವಿಂಗಡಣೆ ಇತಿಹಾಸವನ್ನು ವಿವರಿಸುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಬೇರುಬಿಟ್ಟಿದೆ. ಉಪನ್ಯಾಸಕರು ಅದನ್ನು ಪ್ರೌಢ ಚಿಂತನೆಯ ಗುರುತು ಎಂದು ಕಲಿಸುತ್ತಾರೆ, ಪರೀಕ್ಷಕರು ಅದಕ್ಕೆ ಅಂಕ ಕೊಡುತ್ತಾರೆ. ಆ ನಂಬಿಕೆ ತಪ್ಪು. ಪ್ರಶ್ನೆಯಲ್ಲಿ ‘ಕಾರಣ’ ಎಂಬ ಮಾತಿದ್ದರೂ ಅದು ಕೇಳುವುದು ತಾರೀಖನ್ನು. ಒಂದು ಸಂಗತಿ ಕ್ರಾಂತಿಗಿಂತ ಎಷ್ಟು ವರ್ಷ ಮೊದಲಿನದು ಎಂದು ಗೊತ್ತಿದ್ದರೆ ಅದನ್ನು ಸರಿಯಾದ ಕಾಲಂನಲ್ಲಿ ಹಾಕಬಹುದು. ಅದು ಕ್ರಾಂತಿಯನ್ನು ಹೇಗೆ ಉಂಟುಮಾಡಿತು ಎಂದು ತಿಳಿಯುವ ಅಗತ್ಯವೇ ಬೀಳುವುದಿಲ್ಲ. ಪೂರ್ತಿ ಅಂಕ ಪಡೆದ ವಿದ್ಯಾರ್ಥಿಗೆ 1789ರಲ್ಲಿ ಫ್ರಾನ್ಸಿನಲ್ಲಿ ಏನಾಯಿತು ಎಂಬುದು ಗೊತ್ತಿರುತ್ತದೆ, ಯಾಕಾಯಿತು ಎಂಬುದು ಗೊತ್ತಿರುವುದಿಲ್ಲ.

ಸಾಲದ ಮಾತನ್ನೇ ತೆಗೆದುಕೊಳ್ಳಿ. ಅದನ್ನು ಯಾವ ಕಾಲಂಗೆ ಹಾಕಬೇಕು? ಫ್ರಾನ್ಸಿನ ದೊರೆಗಳು ಹದಿನಾಲ್ಕನೆಯ ಲೂಯಿಯ ಯುದ್ಧಗಳ ಕಾಲದಿಂದಲೂ ಸಾಲದಲ್ಲಿದ್ದರು, ಆದ್ದರಿಂದ ಅದು ದೀರ್ಘಕಾಲೀನ. 1778ರಿಂದ 1783ರವರೆಗೆ ಅಮೆರಿಕದ ಪರವಾಗಿ ನಡೆಸಿದ ಯುದ್ಧದಿಂದ ಸಾಲ ಉಬ್ಬಿತು, ಆದ್ದರಿಂದ ಅಲ್ಪಕಾಲೀನ. 1788ರ ಆಗಸ್ಟ್ 16ರಂದು ಖಜಾನೆ ತನ್ನ ಪಾವತಿಗಳಲ್ಲಿ ಒಂದು ಭಾಗವನ್ನು ನಿಲ್ಲಿಸಿತು. ಮಂತ್ರಿ ಬ್ರಿಯೆನ್ ಒಂಬತ್ತು ದಿನದೊಳಗೆ ಅಧಿಕಾರ ಬಿಟ್ಟ, ಹಳೆಯ ವ್ಯವಸ್ಥೆ ಅಲ್ಲಿಗೆ ಕೈಚೆಲ್ಲಿತು. ಹಾಗಾದರೆ ಅದೇ ಸಾಲ ತಕ್ಷಣದ ಕಾರಣವೂ ಹೌದು. ಒಂದೇ ಸಂಗತಿ ಮೂರು ಕಾಲಂನಲ್ಲೂ ಕೂರುವುದಾದರೆ ಆ ಕಾಲಂಗಳು ಏನನ್ನು ಬೇರ್ಪಡಿಸಿದಂತಾಯಿತು?

ಸಾಲ ದೊಡ್ಡದಾಗಿತ್ತು, ನಿಜ. 1788ರ ಲೆಕ್ಕದಲ್ಲಿ ಒಟ್ಟು ಖರ್ಚು ಸುಮಾರು 63 ಕೋಟಿ ಲಿವ್ರ್, ಅದರಲ್ಲಿ ಅರ್ಧದಷ್ಟು ಬಡ್ಡಿ ಮತ್ತು ಸಾಲದ ಕಂತಿಗೆ ಹೋಗುತ್ತಿತ್ತು. ಆದರೆ ಅದೇ ಕಾಲದಲ್ಲಿ ಬ್ರಿಟನ್ ಕೂಡ ತನ್ನ ಆದಾಯದ ಅರ್ಧದಷ್ಟನ್ನು ಸಾಲಕ್ಕೇ ಸುರಿಯುತ್ತಿತ್ತು. ಅಲ್ಲಿ ಕ್ರಾಂತಿ ಆಗಲಿಲ್ಲ. ಅಲ್ಲಿ ತೆರಿಗೆಗೆ ಸಂಸತ್ತು ಒಪ್ಪಿಗೆ ಕೊಡುತ್ತಿತ್ತು, ಆ ಒಪ್ಪಿಗೆಯನ್ನು ನೋಡಿ ಸಾಲ ಕೊಡುವವರು ಕಡಿಮೆ ಬಡ್ಡಿಗೆ ಹಣ ಕೊಡುತ್ತಿದ್ದರು. ಫ್ರಾನ್ಸಿನಲ್ಲಿ ದೊರೆಯ ಮಾತಿಗೆ ಅಂಥ ಜಾಮೀನು ಇರಲಿಲ್ಲ, ಬಡ್ಡಿ ಏರಿತು, ಶ್ರೀಮಂತ ವರ್ಗಗಳ ತೆರಿಗೆ ವಿನಾಯಿತಿಯಿಂದ ಆದಾಯ ಏರಲಿಲ್ಲ. ಅಂದರೆ ಸಾಲದ ಗಾತ್ರಕ್ಕಿಂತ ಹೊಸ ತೆರಿಗೆಗೆ ಒಪ್ಪಿಗೆ ಕೊಡುವ ಅಧಿಕಾರ ಯಾರಿಗಿದೆ ಎಂಬುದು ಮುಖ್ಯವಾಗಿತ್ತು. ವಿನಾಯಿತಿ, ಬಡ್ಡಿ, ಒಪ್ಪಿಗೆ ಈ ಮೂರೂ ಒಂದಕ್ಕೊಂದು ಹೆಣೆದುಕೊಂಡದ್ದರಿಂದಲೇ ಸಾಲ ಅಪಾಯಕಾರಿಯಾಯಿತು. ಕಾಲಂ ಪದ್ಧತಿ ಮೊದಲು ಮಾಡುವ ಕೆಲಸ ಈ ಹೆಣಿಗೆಯನ್ನು ಬಿಚ್ಚಿ ಎಳೆಗಳನ್ನು ಬೇರೆ ಬೇರೆ ಪುಟಗಳಲ್ಲಿ ಇಡುವುದು.

ಇನ್ನೂ ಗಂಭೀರವಾದ ತೊಂದರೆಯೊಂದಿದೆ. ಪಟ್ಟಿಯಲ್ಲಿರುವ ಬಹುತೇಕ ಕಾರಣಗಳು 1789ಕ್ಕೆ ಮೊದಲೇ ಫ್ರಾನ್ಸಿನಲ್ಲಿ ಒಮ್ಮೆಯಾದರೂ ಬಂದುಹೋಗಿದ್ದವು. ದಿವಾಳಿ ಬಂದಿತ್ತು: 1770ರಲ್ಲಿ ಮಂತ್ರಿ ತೆರ್ರೇ ಸರಕಾರದ ಬಡ್ಡಿಯನ್ನು ಕತ್ತರಿಸಿ, ಹಲವು ಪಾವತಿಗಳನ್ನು ತಡೆಹಿಡಿದ. ಅದನ್ನು ವಿರೋಧಿಸಿ ನಿಲ್ಲಬಹುದಾಗಿದ್ದ ಉಚ್ಚ ನ್ಯಾಯಾಲಯಗಳನ್ನು, ಅಲ್ಲಿಯವರು ‘ಪಾರ್ಲಮಾಂ’ ಎನ್ನುತ್ತಿದ್ದ ಸಂಸ್ಥೆಗಳನ್ನು, ಮರುವರ್ಷವೇ ಮಂತ್ರಿ ಮೋಪೂ ಮುರಿದುಹಾಕಿದ. ದೊರೆ ಹದಿನೈದನೆಯ ಲೂಯಿಯ ಸಿಂಹಾಸನ ಅಲುಗಲಿಲ್ಲ. ನೆಕರ್ ಅಧಿಕಾರದಿಂದ ಇಳಿದದ್ದೂ ಮೊದಲ ಸಲವಲ್ಲ. 1781ರ ಮೇ ತಿಂಗಳಲ್ಲಿ ಆತ ಅಧಿಕಾರ ಬಿಟ್ಟಾಗ ಜನ ಬೇಸರಪಟ್ಟರು, ಯಾರೂ ಕೋಟೆಗೆ ಮುತ್ತಿಗೆ ಹಾಕಲಿಲ್ಲ. ಬ್ರೆಡ್ಡಿನ ಬೆಲೆಯಂತೂ ಕಣ್ಣಿಗೆ ರಾಚುವ ಉದಾಹರಣೆ.

1774ರ ಸೆಪ್ಟೆಂಬರಿನಲ್ಲಿ ಮಂತ್ರಿ ತ್ಯುರ್ಗೋ ಧಾನ್ಯದ ವ್ಯಾಪಾರದ ಮೇಲಿನ ಕಟ್ಟುಗಳನ್ನು ಸಡಿಲಿಸಿದ. ಆ ವರ್ಷ ಬೆಳೆಯೂ ಕೆಟ್ಟಿತು. 1775ರ ಏಪ್ರಿಲ್‌ ಕೊನೆ, ಮೇ ಮೊದಲ ವಾರದ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ನಾಲ್ಕು ಪೌಂಡ್ ತೂಕದ ಬ್ರೆಡ್ಡಿನ ಬೆಲೆ 13-14 ಸೂ ಆಯಿತು. ಒಳ್ಳೆಯ ವರ್ಷಗಳಲ್ಲಿ ಅದು 8-9 ಸೂ ಇರುತ್ತಿತ್ತು. ಪ್ಯಾರಿಸ್ಸಿನ ಸುತ್ತಲಿನ ಪ್ರಾಂತ್ಯಗಳಲ್ಲಿ ಮುನ್ನೂರಕ್ಕೂ ಹೆಚ್ಚು ಗಲಭೆಗಳಾದವು. ಮೇ 3ರಂದು ರಾಜಧಾನಿಯ ಬೇಕರಿಗಳ ಲೂಟಿ ನಡೆಯಿತು. ಇತಿಹಾಸಕಾರರು ಇದನ್ನು ‘ಹಿಟ್ಟಿನ ಯುದ್ಧ’ ಎನ್ನುತ್ತಾರೆ. ಸುಮಾರು 25,000 ಸೈನಿಕರು ಬಂದರು, ಮೇ 11ರಂದು ಇಬ್ಬರನ್ನು ಪ್ಲಾಸ್ ದ ಗ್ರೇವ್ ಚೌಕದಲ್ಲಿ ಗಲ್ಲಿಗೇರಿಸಿದರು, ಗಲಭೆ ಅಡಗಿತು. ಹದಿನಾಲ್ಕು ವರ್ಷಗಳ ನಂತರ, 1789ರ ಫೆಬ್ರವರಿಯಲ್ಲಿ, ಅದೇ ಬ್ರೆಡ್ಡಿನ ಬೆಲೆ 14 ½ ಸೂ ಇತ್ತು. ಅರ್ಧ ಸೂ ವ್ಯತ್ಯಾಸದಿಂದ ಒಂದು ರಾಜ್ಯ ಬಿದ್ದುಹೋಗುವುದಿಲ್ಲ.

ಈಗ ಪ್ರಶ್ನೆ ಕೇಳಿ: 1775ರಲ್ಲಿ ಯಾಕಾಗಲಿಲ್ಲ? ಮೂರು ವರ್ಗಗಳ ಸಮಾಜ ಆಗಲೂ ಇತ್ತು. ರೈತನ ಮೇಲಿನ ಹೊರೆ ಆಗಲೂ ಇತ್ತು. ವೋಲ್ತೇರ್ ಮತ್ತು ರೂಸೋ ಆಗ ಬದುಕಿಯೇ ಇದ್ದರು. ಹಸಿವು ಇತ್ತು, ಗಲಭೆಯ ಕಿಡಿಯೂ ಇತ್ತು. ಮೂರು ಕಾಲಂಗಳೂ ತುಂಬಿದ್ದವು. ಕಾಲಂಗಳು ತುಂಬಿದರೆ ಕ್ರಾಂತಿ ಎಂಬುದು ಈ ಪಾಠದ ಒಳಗಿನ ನಂಬಿಕೆ, 1775 ಆ ನಂಬಿಕೆಯನ್ನು ಒಡೆಯುತ್ತದೆ. ಉಪನ್ಯಾಸಗಳಲ್ಲಿ ಈ ವರ್ಷದ ಹೆಸರೇ ಬರುವುದಿಲ್ಲ ಎಂಬುದು ನನ್ನನ್ನು ನಿಜಕ್ಕೂ ಕಾಡುತ್ತದೆ. ಆದದ್ದನ್ನು ಮಾತ್ರ ನೋಡಿ ಅದಕ್ಕೆ ಮೊದಲಿದ್ದದ್ದನ್ನೆಲ್ಲ ಕಾರಣ ಎಂದು ಕರೆಯುವ ಅಭ್ಯಾಸಕ್ಕೆ, ಆಗದೇ ಹೋದದ್ದನ್ನು ನೋಡುವ ಕಣ್ಣು ಇರುವುದಿಲ್ಲ.

ವೋಲ್ತೇರ್, ರೂಸೋ ಮೊದಲ ಕಾಲಂಗೆ ಬಂದದ್ದೂ ಹೀಗೆಯೇ. ಇತಿಹಾಸಕಾರ ರೋಜೆ ಶಾರ್ತಿಯೆ ಈ ಬಗ್ಗೆ ಬಹಳ ಹಿಂದೆಯೇ ಎಚ್ಚರಿಸಿದ್ದಾರೆ. ಕ್ರಾಂತಿಕಾರರು ತಮ್ಮ ಹುಟ್ಟಿಗೆ ಹಿರಿಯರನ್ನು ಹುಡುಕಿ ಆರಿಸಿಕೊಂಡರು ಎಂಬುದು ಅವರ ವಾದ. 1791ರಲ್ಲಿ ವೋಲ್ತೇರನ ಅವಶೇಷಗಳನ್ನೂ 1794ರಲ್ಲಿ ರೂಸೋನ ಅವಶೇಷಗಳನ್ನೂ ಪಾಂತಿಯೋನ್‌ಗೆ ಮೆರವಣಿಗೆಯಲ್ಲಿ ತಂದವರು ಕ್ರಾಂತಿಯನ್ನು ಮಾಡಿ ಮುಗಿಸಿದ್ದವರು. ಅವರು ಮಾಡಿದ ಆಯ್ಕೆಯನ್ನು ನಾವು ಕಾರಣಗಳ ಪಟ್ಟಿ ಎಂದು ನಕಲು ಮಾಡಿಕೊಂಡು ಬಂದಿದ್ದೇವೆ.

1775ಕ್ಕೂ 1789ಕ್ಕೂ ನಿಜವಾದ ವ್ಯತ್ಯಾಸ ಎಲ್ಲಿದೆ? ಅದನ್ನು ಕಾಣಲು ಒಂದೇ ಒಂದು ರೆಜಿಮೆಂಟಿನ ಹಿಂದೆ ಹೋದರೆ ಸಾಕು. ‘ಫ್ರೆಂಚ್ ಗಾರ್ಡ್ಸ್’ ಪ್ಯಾರಿಸ್ಸಿನ ಶಾಂತಿಪಾಲನೆಗೆಂದೇ ಇದ್ದ, ಸುಮಾರು 3,600 ಜನರ ದಳ. ಅದರ ಸೈನಿಕರು ನಗರದ ಜನರ ನಡುವೆಯೇ ಬದುಕುತ್ತಿದ್ದರು. ಅನೇಕರಿಗೆ ಅಲ್ಲೇ ಹೆಂಡತಿ ಮಕ್ಕಳಿದ್ದರು, ಕೆಲವರು ಬಿಡುವಿನಲ್ಲಿ ಬೇರೆ ಕಸುಬೂ ಮಾಡುತ್ತಿದ್ದರು. 1775ರಲ್ಲಿ ಬಿರೋನ್ ಎಂಬ ಮಾರ್ಷಲ್ ಈ ದಳದ ಕರ್ನಲ್ ಆಗಿದ್ದ, ಪ್ಯಾರಿಸ್ಸಿಗೆ ಬಂದ ಸೇನೆಯ ಹೊಣೆಯೂ ಅವನದೇ ಆಗಿತ್ತು, ದಳ ಅವನ ಮಾತು ಕೇಳಿತು. 1788ರಲ್ಲಿ ಬಿರೋನ್ ಸತ್ತ. ಅವನ ಜಾಗಕ್ಕೆ ಬಂದ ದ್ಯು ಶಾತಲೇ ಹೊಸ ಕಟ್ಟುನಿಟ್ಟಿನ ಶಿಸ್ತು ತಂದು ಸೈನಿಕರ ಅಸಮಾಧಾನ ಕಟ್ಟಿಕೊಂಡ. ಕರ್ನಲ್ ಒಬ್ಬನ ಸಾವು ದೀರ್ಘಕಾಲೀನವೋ ಅಲ್ಪಕಾಲೀನವೋ? ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಆದರೂ ಆ ಅಸಮಾಧಾನವೇ ದಳವನ್ನು ತಿರುಗಿಸಿತು ಎಂದರೆ ತಪ್ಪಾಗುತ್ತದೆ. 1789ರ ಏಪ್ರಿಲ್ 27 ಮತ್ತು 28ರಂದು ಸೇಂಟ್ ಆಂತ್ವಾನ್ ಬಡಾವಣೆಯಲ್ಲಿ ಗೋಡೆಗೆ ಹಚ್ಚುವ ಬಣ್ಣದ ಕಾಗದ ತಯಾರಿಸುತ್ತಿದ್ದ ರೆವೆಯೋನ್‌ನ ಮನೆಯ ಮೇಲೆ ಕೂಲಿಕಾರರು ದಾಳಿ ಮಾಡಿದರು. ಕೂಲಿ ಇಳಿಸಬೇಕೆಂದು ಅವನು ಹೇಳಿದ ಎಂಬ ಸುದ್ದಿ ಹಬ್ಬಿತ್ತು. ಆಗ ಫ್ರೆಂಚ್ ಗಾರ್ಡ್ಸ್ ಆಜ್ಞೆ ಪಾಲಿಸಿ ಗುಂಡು ಹಾರಿಸಿತು, ಹಲವರು ಸತ್ತರು. ದ್ಯು ಶಾತಲೇ ಆಗಲೇ ಕರ್ನಲ್ ಆಗಿದ್ದ, ಬ್ರೆಡ್ಡು ಆಗಲೇ ತುಟ್ಟಿಯಾಗಿತ್ತು. ಹನ್ನೊಂದು ವಾರಗಳ ನಂತರ, ಜುಲೈ 14ರ ಮಧ್ಯಾಹ್ನ, ಇದೇ ದಳದ ಸೈನಿಕರು ಫಿರಂಗಿಗಳನ್ನು ಎಳೆದುಕೊಂಡು ಬಾಸ್ಟೀಲಿನ ಮುಂದೆ ನಿಂತರು. ಒಳಗಿದ್ದ ಕಾವಲುಪಡೆ ದೊಡ್ಡದಲ್ಲ: 82 ಮಂದಿ ನಿವೃತ್ತ, ಅಂಗವಿಕಲ ಸೈನಿಕರು ಮತ್ತು 32 ಮಂದಿ ಸ್ವಿಸ್ ಸೈನಿಕರು. ಆದರೂ ಕೋವಿ ಹಿಡಿದ ಜನ ಮಾತ್ರ ಇದ್ದಾಗ ಕೋಟೆ ಮಣಿಯಲಿಲ್ಲ. ಫಿರಂಗಿಗಳು ಬಂದು ಬಾಗಿಲ ಕಡೆ ಮುಖ ಮಾಡಿದ ಮೇಲೆ ಮಣಿಯಿತು.

ಈ ಹನ್ನೊಂದು ವಾರಗಳಲ್ಲಿ ಏನು ಬದಲಾಯಿತು? ಹಸಿವು ಬದಲಾಗಲಿಲ್ಲ, ವರ್ಗಗಳು ಬದಲಾಗಲಿಲ್ಲ. ಬದಲಾದದ್ದು ಅಧಿಕಾರದ ಮೂಲ. ಮೇ 5ರಂದು ಎಸ್ಟೇಟ್ಸ್ ಜನರಲ್ ಸಭೆ ಸೇರಿತು. ಜೂನ್ 17ರಂದು ಮೂರನೆಯ ವರ್ಗದ ಪ್ರತಿನಿಧಿಗಳು ತಾವೇ ರಾಷ್ಟ್ರೀಯ ಸಭೆ ಎಂದು ಘೋಷಿಸಿಕೊಂಡರು. 20ರಂದು ಟೆನಿಸ್ ಅಂಗಳದಲ್ಲಿ ಪ್ರತಿಜ್ಞೆ ಮಾಡಿದರು. 23ರಂದು ದೊರೆ ಅವರನ್ನು ಚದುರಲು ಹೇಳಿದ, ಅವರು ಚದುರಲಿಲ್ಲ. ಏಪ್ರಿಲ್‌ನಲ್ಲಿ ಆಜ್ಞೆ ಕೊಡಲು ದೇಶದಲ್ಲಿ ಒಬ್ಬನೇ ಇದ್ದ. ಜೂನ್ ಕೊನೆಗೆ ಇಬ್ಬರು ಇದ್ದರು, ಒಬ್ಬರನ್ನು ಧಿಕ್ಕರಿಸಿದವನು ಇನ್ನೊಬ್ಬರಿಗೆ ನಿಷ್ಠನಾಗಿರಬಹುದಿತ್ತು. ಗುಂಡು ಹಾರಿಸಲು ಒಪ್ಪದ ಸೈನಿಕರನ್ನು ಆಬೇ ಸೆರೆಮನೆಗೆ ಹಾಕಿದಾಗ, ಜೂನ್ 30ರಂದು ಜನ ಹೋಗಿ ಬಿಡಿಸಿ ತಂದರು. ಏಪ್ರಿಲ್‌ನಲ್ಲಿ ಗುಂಡು ಹಾರಿಸಿದವರು ಜೂನ್‌ನಲ್ಲಿ ಹಾರಿಸದಿದ್ದದ್ದಕ್ಕೆ ಕಾರಣ ಇಲ್ಲಿದೆ. ಹನ್ನೊಂದು ವಾರಗಳ ಒಳಗೆ ಹುಟ್ಟಿದ ಈ ಕಾರಣ ಕ್ರಾಂತಿಯ ನಡುಬೆನ್ನು. ಆದರೆ ಪಟ್ಟಿ ಮಾಡುವವರು ಇದನ್ನು ಕಾರಣ ಎಂದೇ ಎಣಿಸುವುದಿಲ್ಲ, ‘ಘಟನಾವಳಿ’ ಎಂಬ ಮುಂದಿನ ಅಧ್ಯಾಯಕ್ಕೆ ಸರಿಸುತ್ತಾರೆ.

‘ತಕ್ಷಣದ ಕಾರಣ’ದ ಬಗ್ಗೆ ತರಗತಿಯಲ್ಲಿ ಕೇಳಿಬರುವ ಒಂದು ಹೋಲಿಕೆಯನ್ನು ಇಲ್ಲಿ ಎತ್ತಿಕೊಳ್ಳಲೇಬೇಕು. ಒಣಗಿದ ಹುಲ್ಲಿನ ಬಣವೆ ಇದ್ದರೆ ಯಾವ ಕಿಡಿಯಾದರೂ ಸಾಕು, ನೆಕರನ ವಜಾ ಇಲ್ಲದಿದ್ದರೆ ಇನ್ನೊಂದು ಎಂದು. ಹುಲ್ಲಿಗೆ ಕಿಡಿಯ ಅರ್ಥ ಬೇಕಿಲ್ಲ, ಮನುಷ್ಯರಿಗೆ ಬೇಕು. ಜುಲೈ 12ರ ಭಾನುವಾರ ನೆಕರನ ವಜಾದ ಸುದ್ದಿ ಪ್ಯಾರಿಸ್ಸಿಗೆ ಬಂದಾಗ ನಗರದ ಸುತ್ತ ಸಾವಿರಾರು ಸೈನಿಕರು, ಅವರಲ್ಲಿ ಅನೇಕರು ವಿದೇಶಿಯರು, ಬೀಡುಬಿಟ್ಟಿದ್ದರು. ಅವರನ್ನು ಹಿಂದಕ್ಕೆ ಕರೆಸಬೇಕೆಂದು ಮಿರಾಬೋ ಜುಲೈ 8ರಂದೇ ಸಭೆಯಲ್ಲಿ ಒತ್ತಾಯಿಸಿದ್ದ. ಆ ಸ್ಥಿತಿಯಲ್ಲಿ ನೆಕರನ ವಜಾ ಎಂದರೆ ಒಬ್ಬ ಮಂತ್ರಿ ಹೋದ ಎಂದಷ್ಟೇ ಅಲ್ಲ, ದೊರೆ ಬಲಪ್ರಯೋಗಕ್ಕೆ ಸಿದ್ಧ, ಸಭೆಯನ್ನು ಮುರಿಯುತ್ತಾನೆ ಎಂದು ಜನ ಓದಿಕೊಂಡರು. ಅದಕ್ಕೇ ಅವರು ಆಯುಧ ಹುಡುಕಿ ಹೊರಟರು. 14ರ ಬೆಳಿಗ್ಗೆ ಇನ್ವಾಲೀದ್ ಭವನದಿಂದ ಸಾವಿರಾರು ಕೋವಿಗಳನ್ನು ಹೊತ್ತು ತಂದರು, ಕೋವಿಗೆ ಮದ್ದು ಬೇಕಾದ್ದರಿಂದ ಬಾಸ್ಟೀಲಿಗೆ ಹೋದರು. 1781ರಲ್ಲಿ ಅದೇ ಮಂತ್ರಿ ಹೋದಾಗ ಸುತ್ತ ಸೈನ್ಯ ಇರಲಿಲ್ಲ, ಕಾಪಾಡಬೇಕಾದ ಸಭೆ ಇರಲಿಲ್ಲ, ಆದ್ದರಿಂದ ಆ ಸುದ್ದಿಗೆ ಈ ಅರ್ಥ ಇರಲಿಲ್ಲ. ಯಾವ ಕಿಡಿಯಾದರೂ ಆಗುತ್ತಿತ್ತು ಎನ್ನುವವನು ಈ ಮೂರು ದಿನಗಳಲ್ಲಿ ಜನ ಏನು ಯೋಚಿಸಿದರು ಎಂದು ಕೇಳುವುದನ್ನೇ ಬಿಟ್ಟುಬಿಟ್ಟಿದ್ದಾನೆ.

ಈ ಪದ್ಧತಿಯ ಕಣ್ಣಿಗೆ ಬೀಳದೇ ಹೋಗುವ ಇನ್ನೊಂದು ವಸ್ತು ನಿರ್ಧಾರ. ಹದಿನಾರನೆಯ ಲೂಯಿ ಪಟ್ಟಕ್ಕೆ ಬಂದ 1774ರಲ್ಲಿ, ಮೋಪೂ ಮುರಿದಿದ್ದ ಪಾರ್ಲಮಾಂಗಳನ್ನು ಮರಳಿ ಸ್ಥಾಪಿಸಿದ. ಜನ ಮೆಚ್ಚಲೆಂದು ಮಾಡಿದ ಕೆಲಸ ಅದು. 1787ರಲ್ಲಿ ಹೊಸ ತೆರಿಗೆಗೆ ಅಡ್ಡ ನಿಂತು, ಒಪ್ಪಿಗೆ ಕೊಡುವ ಹಕ್ಕು ಎಸ್ಟೇಟ್ಸ್ ಜನರಲ್‌ಗೆ ಮಾತ್ರ ಎಂದು ಹಟ ಹಿಡಿದದ್ದು ಅದೇ ಪ್ಯಾರಿಸ್ಸಿನ ಪಾರ್ಲಮಾಂ. 1614ರ ನಂತರ ಸೇರದೇ ಇದ್ದ ಆ ಸಭೆಯನ್ನು ಕರೆಯದೆ ಬೇರೆ ದಾರಿ ಉಳಿಯಲಿಲ್ಲ. ಆಮೇಲೆ 1788ರ ಸೆಪ್ಟೆಂಬರ್ 25ರಂದು ಅದೇ ನ್ಯಾಯಾಲಯ ಸಭೆ 1614ರ ರೀತಿಯಲ್ಲೇ ಸೇರಬೇಕು ಎಂದು ತೀರ್ಪಿತ್ತಿತು. ಅಂದರೆ ಮೂರು ವರ್ಗಗಳು ಬೇರೆ ಬೇರೆ ಕೂತು, ವರ್ಗಕ್ಕೊಂದು ಮತ. ನಿನ್ನೆಯವರೆಗೆ ದೊರೆಯ ವಿರುದ್ಧ ಒಟ್ಟಾಗಿ ನಿಂತಿದ್ದವರು ಆ ದಿನದಿಂದ ಎರಡಾದರು, ಜಗಳ ಸವಲತ್ತು ಉಳ್ಳವರು ಮತ್ತು ಇಲ್ಲದವರ ನಡುವಿನದಾಗಿ ತಿರುಗಿತು. ಸಿಯೆಸ್‌ನ ಹೆಸರಾಂತ ಕರಪತ್ರ ಮೂರನೆಯ ವರ್ಗದ ಬಗ್ಗೆ ಬಂದದ್ದು ಆಮೇಲೆ, 1789ರ ಜನವರಿಯಲ್ಲಿ. ಶತಮಾನಗಳಿಂದ ಇದ್ದ ವರ್ಗಭೇದ ಆ ತಿಂಗಳುಗಳಲ್ಲೇ ಯಾಕೆ ಸ್ಫೋಟಿಸಿತು ಎಂಬುದಕ್ಕೆ ಉತ್ತರ ಆ ತೀರ್ಪಿನಲ್ಲಿದೆ. ನ್ಯಾಯಾಧೀಶರು ಬೇರೆ ರೀತಿ ತೀರ್ಪು ಕೊಡಬಹುದಿತ್ತು. ಕೊಡಬಹುದಿತ್ತು ಎಂಬ ಈ ಸಾಧ್ಯತೆಯನ್ನು ಹಿಡಿದಿಡಲು ‘ಅಲ್ಪಕಾಲೀನ ಕಾರಣ’ ಎಂಬ ಶೀರ್ಷಿಕೆಗೆ ಆಗುವುದಿಲ್ಲ.

ಈ ಮೂರು ಪದರದ ವಿಂಗಡಣೆಗೆ ವಿದ್ವತ್ತಿನ ಬೆಂಬಲ ಇಲ್ಲದೇ ಇಲ್ಲ. ಲಾರೆನ್ಸ್ ಸ್ಟೋನ್ 1972ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕ್ರಾಂತಿಯ ಕಾರಣಗಳ ಪುಸ್ತಕದಲ್ಲಿ 1529ರಿಂದ 1629ರವರೆಗೆ ಪೂರ್ವಸ್ಥಿತಿಗಳು, 1629ರಿಂದ 1639ರವರೆಗೆ ಒತ್ತಡಗಳು, 1640ರಿಂದ 1642ರವರೆಗೆ ಕಿಡಿಗಳು ಎಂದು ವರ್ಷಗಳನ್ನೇ ಗೆರೆ ಹಾಕಿ ಹಂಚಿದರು. ದೊಡ್ಡ ವಿದ್ವಾಂಸರ ದೊಡ್ಡ ಪುಸ್ತಕ, ಅದನ್ನು ಓದಿ ಕಲಿಯುವುದು ಬಹಳ ಇದೆ. ಆದರೆ ಆ ಗೆರೆಗಳು ನಿಲ್ಲಲಿಲ್ಲ. ಕಾನ್ರಾಡ್ ರಸೆಲ್ ಆಕ್ಸ್‌ಫರ್ಡಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ, 1990ರಲ್ಲಿ ಪುಸ್ತಕವಾಗಿ ಬಂದವು ಅವು, ಪ್ರಶ್ನೆಯನ್ನೇ ತಿರುಗಿಸಿದರು. ಇಂಗ್ಲೆಂಡಿನ ಅಂತರ್ಯುದ್ಧ ಒಂದೇ ಘಟನೆ ಎಂದು ಹಿಡಿದು ಅದಕ್ಕೆ ಕಾರಣ ಹುಡುಕುವುದನ್ನು ಬಿಟ್ಟರು. ಯುದ್ಧ ಆಗಬೇಕಾದರೆ ಏನೇನು ಆಗಬೇಕಿತ್ತು ಎಂದು ಏಳು ಸಂಗತಿಗಳನ್ನು ಗುರುತಿಸಿದರು. ಸ್ಕಾಟ್ಲೆಂಡಿನೊಡನೆ ಯುದ್ಧ, ಅದರಲ್ಲಿ ಇಂಗ್ಲೆಂಡಿನ ಸೋಲು, ರಾಜಿ ಆಗದೇ ಹೋದದ್ದು, ದೊರೆಗೆ ಸಂಸತ್ತನ್ನು ವಿಸರ್ಜಿಸಲಾಗದೇ ಹೋದದ್ದು, ಹೀಗೆ. ಪ್ರತಿಯೊಂದಕ್ಕೂ ಅದರದೇ ಕಾರಣ ಕೇಳಿದರು. ಉತ್ತರಗಳು ಕೆಲವೊಮ್ಮೆ ನೂರು ವರ್ಷ ಹಿಂದಕ್ಕೆ ಹೋದವು, ಕೆಲವೊಮ್ಮೆ ಒಂದು ವಾರದ ಹಿಂದೆಯೇ ನಿಂತವು. ಎಷ್ಟು ಹಿಂದೆ ಹೋಗಬೇಕು ಎಂಬುದನ್ನು ಪ್ರಶ್ನೆಯೇ ತೀರ್ಮಾನಿಸಿತು.

ಫ್ರಾನ್ಸಿಗೂ ಹೀಗೆ ಕೇಳಬಹುದು. ದೊರೆ ಎಸ್ಟೇಟ್ಸ್ ಜನರಲ್ ಕರೆಯಲೇಬೇಕಾದದ್ದು ಯಾಕೆ? ಸಭೆ ಸೇರಿದ ಮೇಲೆ ಪ್ರತಿನಿಧಿಗಳು ಚದುರದೇ ನಿಂತದ್ದು ಯಾಕೆ? ಸೈನ್ಯ ದೊರೆಯ ಕೈಬಿಟ್ಟದ್ದು ಯಾಕೆ? ಹಳ್ಳಿಗಳಲ್ಲಿ ಜುಲೈ ಕೊನೆಯ ಭಾಗದಲ್ಲಿ ‘ಮಹಾಭೀತಿ’ ಹಬ್ಬಿ, ಆಗಸ್ಟ್ 4ರ ರಾತ್ರಿ ಸಭೆ ಊಳಿಗಮಾನ್ಯ ಹಕ್ಕುಗಳನ್ನು ಬಿಟ್ಟುಕೊಟ್ಟದ್ದು ಯಾಕೆ? ಹಸಿವಿಗೆ ಇದರಲ್ಲಿ ಸರಿಯಾದ ಜಾಗ ಸಿಗುತ್ತದೆ. 1788ರ ಜುಲೈ 13ರ ಆಲಿಕಲ್ಲು ಮಳೆ, ಕೆಟ್ಟ ಬೆಳೆ, ಕಠೋರ ಚಳಿಗಾಲ ಇವುಗಳಿಂದ ಬ್ರೆಡ್ಡು ತುಟ್ಟಿಯಾದ ತಿಂಗಳುಗಳಲ್ಲೇ ಊರೂರಲ್ಲಿ ಚುನಾವಣೆ ನಡೆದು, ಜನ ತಮ್ಮ ದೂರುಗಳನ್ನು ಪುಸ್ತಕಗಳಲ್ಲಿ ಬರೆಸಿದರು. 1775ರ ಹಸಿವಿಗೆ ಬಾಯಿ ಇರಲಿಲ್ಲ, 1789ರ ಹಸಿವಿಗೆ ಪ್ರತಿನಿಧಿಗಳಿದ್ದರು.

ಇದೆಲ್ಲ ಎಳೆಯ ವಿದ್ಯಾರ್ಥಿಗಳಿಗೆ ಭಾರವಾಗುತ್ತದೆ, ಮೂರು ಕಾಲಂ ಕನಿಷ್ಠ ಒಂದು ಕ್ರಮ ಕಲಿಸುತ್ತದೆ ಎಂದು ಕೆಲವು ಸಹೋದ್ಯೋಗಿಗಳು ಹೇಳುತ್ತಾರೆ. ಅವರ ಕಾಳಜಿ ನಿಜ, ಉತ್ತರಪತ್ರಿಕೆಗಳ ರಾಶಿಯ ಮುಂದೆ ಕೂತವರ ಕಷ್ಟವೂ ನಿಜ. ಆದರೆ ಹನ್ನೆರಡು ಅಂಶಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಏಪ್ರಿಲ್ 28ರ ಸೈನಿಕನನ್ನೂ ಜುಲೈ 14ರ ಸೈನಿಕನನ್ನೂ ಪಕ್ಕದಲ್ಲಿ ನಿಲ್ಲಿಸಿ ‘ಏನು ಬದಲಾಯಿತು’ ಎಂದು ಯೋಚಿಸುವುದು ಹದಿನಾರರ ಹುಡುಗ ಹುಡುಗಿಯರಿಗೆ ಸುಲಭ. ಆಳವಾದ ಕಾರಣಗಳನ್ನು ಬಿಟ್ಟರೆ ಇತಿಹಾಸ ಆಕಸ್ಮಿಕಗಳ ಸರಣಿಯಾಗುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಬಲವಾದದ್ದು. ಆಳವಾದ ಕಾರಣಗಳನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ತೆರಿಗೆ ವಿನಾಯಿತಿಯನ್ನು ಮೊದಲ ಪುಟದಲ್ಲಿ ಬರೆದು ಮರೆಯಬೇಡಿ, ಅದು 1788ರ ಆಗಸ್ಟ್‌ನ ಖಾಲಿ ಖಜಾನೆಯವರೆಗೆ ಯಾವ ದಾರಿಯಲ್ಲಿ ಬಂತು ಎಂದು ತೋರಿಸಿ ಎನ್ನುತ್ತಿದ್ದೇನೆ. ದಾರಿ ತೋರಿಸಲಾಗದಿದ್ದರೆ ಅದು ಕಾರಣವಲ್ಲ, ಹಿನ್ನೆಲೆ.

ಕರ್ನಾಟಕದ ತರಗತಿಯಲ್ಲಿ ಕೇಳಬಹುದಾದ ಇಂಥ ಒಂದು ಪ್ರಶ್ನೆ ಸಿದ್ಧವಾಗಿಯೇ ಇದೆ. 1788ರ ಆಗಸ್ಟ್ 10ರಂದು ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ವರ್ಸೇಯ ಅರಮನೆಯಲ್ಲಿ ಹದಿನಾರನೆಯ ಲೂಯಿಯ ಮುಂದೆ ನಿಂತರು. ಇಂಗ್ಲಿಷರ ವಿರುದ್ಧ ಮೈತ್ರಿ ಮತ್ತು ಸೈನ್ಯ ಕೇಳಲು ಅವರು ಶ್ರೀರಂಗಪಟ್ಟಣದ ಪರವಾಗಿ ಅಷ್ಟು ದೂರ ಹೋಗಿದ್ದರು. ಎರಡು ದಿನದ ಹಿಂದೆ, ಆಗಸ್ಟ್ 8ರಂದು, ಎಸ್ಟೇಟ್ಸ್ ಜನರಲ್ ಕರೆಯುವುದಾಗಿ ಪ್ರಕಟವಾಗಿತ್ತು. ಆರು ದಿನದ ನಂತರ ಖಜಾನೆ ಪಾವತಿ ನಿಲ್ಲಿಸಿತು. ಸೈನ್ಯ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂದು ವಿದ್ಯಾರ್ಥಿಯನ್ನು ಕೇಳಿ. ಇಂಗ್ಲಿಷರೊಡನೆ 1783ರ ಒಪ್ಪಂದದಿಂದ ಆಗಷ್ಟೇ ಮುಗಿದಿದ್ದ ಯುದ್ಧ, ಅದರ ಸಾಲ, ಆ ಸಾಲಕ್ಕೆ ತೆರಿಗೆ ಒಪ್ಪದ ಪಾರ್ಲಮಾಂ, 1787ರಲ್ಲಿ ಪ್ರಷ್ಯದ ಸೇನೆ ಹಾಲೆಂಡಿಗೆ ನುಗ್ಗಿದಾಗ ಅಲ್ಲಿನ ತನ್ನ ಮಿತ್ರರಿಗೂ ನೆರವಾಗದೇ ಸುಮ್ಮನಿದ್ದ ಫ್ರಾನ್ಸ್, ಇವೆಲ್ಲ ಆ ಉತ್ತರದೊಳಗೆ ಒಂದರ ಹಿಂದೆ ಒಂದಾಗಿ ಬರಬೇಕಾಗುತ್ತದೆ, ಯಾಕೆಂದರೆ ಒಂದನ್ನು ಬಿಟ್ಟರೆ ಇನ್ನೊಂದು ಅರ್ಥವಾಗುವುದಿಲ್ಲ. ಹತ್ತು ಅಂಕದಲ್ಲಿ ಎಂಟನ್ನು ಈ ಕೊಂಡಿಗಳಿಗೇ ಇಡಿ, ತಾರೀಖುಗಳಿಗೆ ಎರಡು ಸಾಕು.